ರ್‍ಯಾನ್ಸಮ್‌ವೇರ್ ಬಡಿದ ಮೇಲೆ ಯಾವುದನ್ನು ಮೊದಲು ಆನ್ ಮಾಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು ಹೆಚ್ಚಾಗಿ ಒಂದೇ ಕೆಲಸದಿಂದ ಬಂದವು. ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜ ಕಾರ್ಖಾನೆ. 38 ಕಂಪ್ಯೂಟರ್, ಎರಡು ಡೊಮೇನ್ ಕಂಟ್ರೋಲರ್, ಒಂದು ಫೈಲ್ ಸರ್ವರ್, ಒಂದು ಟ್ಯಾಲಿ ಸರ್ವರ್, ಗೇಟಿನ ಹತ್ತಿರ ವೇಬ್ರಿಡ್ಜಿನ ಕಂಪ್ಯೂಟರ್. ಜೂನ್ 15, ಶನಿವಾರ ರಾತ್ರಿ ಎಲ್ಲವೂ ಲಾಕ್ ಆಯಿತು. ನೆಟ್‌ವರ್ಕಿನಲ್ಲೇ ಇದ್ದ ಬ್ಯಾಕಪ್ ಪೆಟ್ಟಿಗೆಯೂ ಹೋಯಿತು. ಉಳಿದದ್ದು ಅಕೌಂಟ್ಸಿನ ಅಕ್ಕ ಪ್ರತಿ ಶನಿವಾರ ಮಧ್ಯಾಹ್ನ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದ ಯುಎಸ್‌ಬಿ ಹಾರ್ಡ್ ಡಿಸ್ಕ್. ಅದರಲ್ಲಿ ಐದು ವಾರದ ಪ್ರತಿಗಳಿದ್ದವು. ಮಂಗಳೂರು, ಉಡುಪಿ ಕಡೆಯ ಸಣ್ಣ ಕಾರ್ಖಾನೆ, ಸೊಸೈಟಿ, ಕ್ಲಿನಿಕ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಆಮೇಲೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಲಾಕ್ ಆಗಿದೆ ಅಂತ ಗೊತ್ತಾದ ಕೂಡಲೇ ಎಂತ ಮಾಡಬೇಕು?

ನೆಟ್‌ವರ್ಕ್ ಕೇಬಲ್ ತೆಗೆಯಿರಿ. ಇಂಟರ್ನೆಟ್ ಲೈನ್ ಮೊದಲು, ಆಮೇಲೆ ಸ್ವಿಚ್‌ಗಳು. ಸರ್ವರ್‌ಗಳನ್ನು ಕೂಡಲೇ ಆಫ್ ಮಾಡಬೇಡಿ, ಮೆಮೊರಿಯಲ್ಲಿ ಇರುವ ಕುರುಹುಗಳು ಆಫ್ ಮಾಡಿದರೆ ಹೋಗುತ್ತವೆ. ಆದರೆ ಕಣ್ಣೆದುರೇ ಫೈಲ್‌ಗಳು ಇನ್ನೂ ಲಾಕ್ ಆಗುತ್ತಾ ಇದ್ದರೆ ಆ ಯಂತ್ರವನ್ನು ಆಫ್ ಮಾಡುವುದೇ ಸರಿ.

ಏಪ್ರಿಲ್ 2022ರ ನಿರ್ದೇಶನದ ಪ್ರಕಾರ, ಗೊತ್ತಾದ 6 ಗಂಟೆಯ ಒಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. ಪೂರ್ತಿ ತನಿಖೆ ಮುಗಿಸಿ ಬರೆಯೋಣ ಅಂತ ಕಾಯಬೇಡಿ. ಗೊತ್ತಿರುವಷ್ಟನ್ನು ಬರೆದು ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು. ಪೊಲೀಸ್ ದೂರು ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಊರಿನ ಸೆನ್ ಠಾಣೆಯಲ್ಲಿ.

ಬ್ಯಾಕಪ್ ಇದೆ. ಕೊನೆಯದ್ದನ್ನು ಹಾಕಿ ಶುರು ಮಾಡಬಾರದಾ?

ಇಲ್ಲಿಯೇ ಜಾಸ್ತಿ ಜನ ಎಡವುತ್ತಾರೆ. ಫೈಲ್ ಲಾಕ್ ಆದದ್ದು ಶನಿವಾರ ರಾತ್ರಿ, ಸರಿ. ಆದರೆ ಕಳ್ಳ ಒಳಗೆ ಬಂದದ್ದು ಶನಿವಾರ ಅಲ್ಲ. ನಮ್ಮ ಕೆಲಸದಲ್ಲಿ ಮೊದಲ ಕುರುಹು ಸಿಕ್ಕಿದ್ದು ಮೇ 27ಕ್ಕೆ, ಅಂದರೆ 19 ದಿನ ಮೊದಲು. ಆ 19 ದಿನ ಅವನು ಒಳಗೇ ಓಡಾಡಿಕೊಂಡಿದ್ದ. ಆ ನಡುವೆ ತೆಗೆದ ಪ್ರತಿ ಬ್ಯಾಕಪ್‌ನಲ್ಲಿ ಅವನು ಮಾಡಿಟ್ಟ ಬಾಗಿಲುಗಳೂ ಸೇರಿವೆ. ಜೂನ್ 15ರ ಪ್ರತಿಯನ್ನು ಇದ್ದ ಹಾಗೆ ಹಾಕಿದರೆ ಅವನನ್ನೂ ಕರೆದು ಕೂರಿಸಿದ ಹಾಗೆ.

ಹಾಗಾಗಿ ಒಂದೇ ಬ್ಯಾಕಪ್ ದಿನಾಂಕ ಅಂತ ಯೋಚಿಸಬೇಡಿ. ಎರಡು ದಿನಾಂಕ ಬೇಕು. ಸಿಸ್ಟಮ್‌ಗೆ, ಅಂದರೆ ಡೊಮೇನ್, ಯೂಸರ್, ಪಾಲಿಸಿ ಇವಕ್ಕೆ, ಕಳ್ಳ ಬರುವ ಮೊದಲಿನದ್ದು. ಡೇಟಾಕ್ಕೆ ಆದಷ್ಟು ಹೊಸದು. ನಾವು ಡೊಮೇನ್ ತೆಗೆದುಕೊಂಡದ್ದು ಮೇ 25ರ ಪ್ರತಿಯಿಂದ, ಟ್ಯಾಲಿ ಡೇಟಾ ಜೂನ್ 15ರ ಮಧ್ಯಾಹ್ನದ ಪ್ರತಿಯಿಂದ.

ಅವನು ಯಾವತ್ತು ಬಂದ ಅಂತ ಗೊತ್ತಾಗುವುದು ಹೇಗೆ?

ಫೈರ್‌ವಾಲಿನ ವಿಪಿಎನ್ ಲಾಗ್‌ನಿಂದ ಶುರು ಮಾಡಿ. ನಮಗೆ ಸಿಕ್ಕಿದ್ದು ಅಲ್ಲಿಯೇ. ಕೆಲಸ ಬಿಟ್ಟು ಹೋಗಿದ್ದ ಒಬ್ಬರ ವಿಪಿಎನ್ ಅಕೌಂಟ್ ಹಾಗೇ ಉಳಿದಿತ್ತು. ಮೇ 27ರ ರಾತ್ರಿ 2 ಗಂಟೆಗೆ ಅದು ಹೊರದೇಶದ ವಿಳಾಸದಿಂದ ಲಾಗಿನ್ ಆಗಿತ್ತು. ಆಮೇಲೆ ವಿಂಡೋಸಿನ ಇವೆಂಟ್ ಲಾಗ್ ನೋಡಿದೆವು. ಹೊಸ ಯೂಸರ್ ಹುಟ್ಟಿದರೆ 4720, ಹೊಸ ಸರ್ವಿಸ್ ಹಾಕಿದರೆ 7045, ಲಾಗ್ ಅಳಿಸಿದರೆ 1102. ಈ ಮೂರು ನಂಬರ್ ಹುಡುಕಿದರೆ ಕಥೆಯ ಅರ್ಧ ಭಾಗ ಸಿಗುತ್ತದೆ.

ಒಂದು ಎಚ್ಚರಿಕೆ. ಆ ಫೈರ್‌ವಾಲಿನಲ್ಲಿ 30 ದಿನದ ಲಾಗ್ ಮಾತ್ರ ಇತ್ತು. ಮೇ 27 ನಮಗೆ ಕಂಡ ಮೊದಲ ದಿನ ಅಷ್ಟೇ. ಅದಕ್ಕೂ ಮೊದಲು ಬಂದಿರಲಿಕ್ಕಿಲ್ಲ ಅಂತ ನಂಬಿ ಕೂರಲು ಆಗುವುದಿಲ್ಲ. ಅದಕ್ಕೇ ಮೇ 25ರ ಪ್ರತಿಯನ್ನೂ ಶುದ್ಧ ಅಂತ ಒಪ್ಪಿಕೊಳ್ಳದೆ ಒಂದೊಂದಾಗಿ ಪರೀಕ್ಷೆ ಮಾಡಿದೆವು.

ಬ್ಯಾಕಪ್ ಡಿಸ್ಕನ್ನು ತೆರೆದು ನೋಡುವಾಗ ಅದೇ ಹಾಳಾದರೆ?

ಆ ಭಯ ಸರಿಯಾದದ್ದೇ. ಕಾರ್ಖಾನೆಯ ಯಾವ ಕಂಪ್ಯೂಟರಿಗೂ ಅದನ್ನು ಚುಚ್ಚಬೇಡಿ. ಆ ನೆಟ್‌ವರ್ಕ್ ಕಾಣದ ಒಂದು ಲ್ಯಾಪ್‌ಟಾಪ್ ತನ್ನಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಆನ್ ಮಾಡಿ, ಡಿಸ್ಕನ್ನು ಓದಲು ಮಾತ್ರ ಬರುವ ಹಾಗೆ ತೆರೆಯಿರಿ. ಡಿಸ್ಕಿನ ಹೆಸರು ನಿಮ್ಮಲ್ಲಿ ಬೇರೆ ಇರಬಹುದು, ಮೊದಲು `lsblk` ಕೊಟ್ಟು ನೋಡಿಕೊಳ್ಳಿ.

```
lsblk
sudo mount -o ro /dev/sdb1 /mnt
```

ಎಲ್ಲವನ್ನೂ ಒಂದು ಹೊಸ ಡಿಸ್ಕಿಗೆ ಕಾಪಿ ಮಾಡಿ. ಮೂಲ ಡಿಸ್ಕನ್ನು ಕವರಿಗೆ ಹಾಕಿ ಬೀಗ ಹಾಕಿಡಿ. ಅಲ್ಲಿಂದ ಮುಂದೆ ಕೆಲಸವೆಲ್ಲ ಕಾಪಿಯ ಮೇಲೆ.

ಧಣಿಗಳು ಟ್ಯಾಲಿ ಮೊದಲು ಕೊಡಿ ಅಂತ ಕೂತಿದ್ದಾರೆ. ಡೊಮೇನ್ ಕಂಟ್ರೋಲರ್ ಮೊದಲು ಯಾಕೆ?

ನಮ್ಮಲ್ಲೂ ಅದೇ ಆಯಿತು. "ಎಂತ ಮಾರಾಯ್ರೇ, 20ಕ್ಕೆ ಜಿಎಸ್‌ಟಿ ರಿಟರ್ನ್ ಉಂಟು, ನೀವು ಇನ್ನೂ ಪಾಸ್‌ವರ್ಡ್ ಅಂತ ಕೂತಿದ್ದೀರಿ" ಅಂತ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಟ್ಯಾಲಿ ಸರ್ವರಿಗೆ ಯಾರು ಲಾಗಿನ್ ಆಗಬಹುದು, ಅದರಲ್ಲಿ ಯಾವ ಪ್ರೋಗ್ರಾಂ ಓಡಬಹುದು ಎನ್ನುವುದನ್ನು ತೀರ್ಮಾನ ಮಾಡುವುದು ಡೊಮೇನ್ ಕಂಟ್ರೋಲರ್.

ಒಂದು ಉದಾಹರಣೆ ಕೊಡುತ್ತೇನೆ. ಜೂನ್ 8ರ ಬ್ಯಾಕಪ್‌ನಲ್ಲಿದ್ದ ಡೊಮೇನ್ ಕಂಟ್ರೋಲರನ್ನು, ಅಂದರೆ ಡಿಸಿಯನ್ನು, ನಾವು ಯಾವ ಕೇಬಲ್ಲೂ ಇಲ್ಲದ ಒಂದು ಯಂತ್ರದಲ್ಲಿ ಸುಮ್ನೆ ಆನ್ ಮಾಡಿ ನೋಡಿದೆವು. ಅದರಲ್ಲಿ ಜೂನ್ 6ಕ್ಕೆ ಹುಟ್ಟಿದ ಒಂದು ಗ್ರೂಪ್ ಪಾಲಿಸಿ ಇತ್ತು. ಹೆಸರು ನೋಡಿದರೆ ಅಪ್‌ಡೇಟ್ ಪಾಲಿಸಿಯ ಹಾಗೆ. ಒಳಗೆ ಎರಡು ಕೆಲಸ: ಎಲ್ಲ ಕಂಪ್ಯೂಟರಿನಲ್ಲಿ ಡಿಫೆಂಡರ್ ಆಫ್ ಮಾಡು, ನಿಗದಿ ಮಾಡಿದ ಹೊತ್ತಿಗೆ ಒಂದು ಫೈಲ್ ಓಡಿಸು. ಡೊಮೇನಿಗೆ ಸೇರಿದ ಕಂಪ್ಯೂಟರ್ ಸಾಮಾನ್ಯವಾಗಿ 90 ನಿಮಿಷಕ್ಕೊಮ್ಮೆ, ಹೆಚ್ಚೆಂದರೆ ಇನ್ನೊಂದು 30 ನಿಮಿಷ ಸೇರಿಸಿ, ಪಾಲಿಸಿಯನ್ನು ಮತ್ತೆ ಓದುತ್ತದೆ. ಈಗ ಯೋಚಿಸಿ. ಹೊಸ ವಿಂಡೋಸ್ ಹಾಕಿದ ಟ್ಯಾಲಿ ಸರ್ವರನ್ನು ಆ ಡೊಮೇನಿಗೆ ಸೇರಿಸಿದ್ದರೆ ಎರಡು ಗಂಟೆಯೊಳಗೆ ಅದೂ ಕೈತಪ್ಪುತ್ತಿತ್ತು. ಮಳೆಗಾಲದಲ್ಲಿ ಬಾವಿಗೆ ಕೆಸರು ನೀರು ನುಗ್ಗಿದರೆ ಮೊದಲು ಬಾವಿ ತೊಳೆಯುತ್ತೇವೆ ಅಲ್ವಾ? ಕೊಡ ತೊಳೆದು ಅದೇ ನೀರು ತುಂಬಿಸಿ ಪ್ರಯೋಜನ ಇಲ್ಲ.

ಹಾಗಾದರೆ ಜಿಎಸ್‌ಟಿ ರಿಟರ್ನ್, ಲಾರಿ, ಇವೆಲ್ಲ ಅಷ್ಟು ದಿನ ನಿಲ್ಲಬೇಕಾ?

ನಿಲ್ಲಬೇಕಿಲ್ಲ. ಅಂಗಡಿಯಿಂದ ಒಂದು ಹೊಸ ಲ್ಯಾಪ್‌ಟಾಪ್ ತರಿಸಿದೆವು. ಟ್ಯಾಲಿಯನ್ನು ಹೊಸದಾಗಿ ಹಾಕಿ, ಜೂನ್ 15ರ ಡೇಟಾ ಫೋಲ್ಡರ್ ಮಾತ್ರ ಅದಕ್ಕೆ ಕೊಟ್ಟೆವು. ಅದಕ್ಕೆ ನೆಟ್‌ವರ್ಕ್ ಇಲ್ಲ. ಅಕ್ಕ ಅದರಲ್ಲಿ ಮೇ ತಿಂಗಳ ಲೆಕ್ಕ ನೋಡಿ ಕಾಗದದಲ್ಲಿ ಬರೆದುಕೊಂಡು, ಬೇರೆ ಲ್ಯಾಪ್‌ಟಾಪಿನಿಂದ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ರಿಟರ್ನ್ ಹಾಕಿದರು. ಇ-ವೇ ಬಿಲ್ ಕೂಡ ಅದೇ ಲ್ಯಾಪ್‌ಟಾಪಿನಿಂದ ಹೋಯಿತು. ವೇಬ್ರಿಡ್ಜ್ ಚೀಟಿ ಕೈಬರಹದಲ್ಲಿ. ಡಿಸ್‌ಪ್ಲೇಯಲ್ಲಿ ತೂಕ ಕಾಣುತ್ತದೆ, ಬರೆಯಲು ಕಂಪ್ಯೂಟರ್ ಬೇಕೆಂದಿಲ್ಲ. ಹೀಗೆ ತುರ್ತು ಕೆಲಸಕ್ಕೆ ಪಕ್ಕದ ದಾರಿ ಮಾಡಿಕೊಟ್ಟರೆ ಮುಖ್ಯ ಕೆಲಸದ ಮೇಲಿನ ಒತ್ತಡ ಇಳಿಯುತ್ತದೆ.

ಒಟ್ಟು ಕ್ರಮ ಯಾವುದು?

ನಾವು ಹೋದ ದಾರಿ ಇದು. ಮೊದಲು ಫೈರ್‌ವಾಲ್ ಮತ್ತು ಸ್ವಿಚ್. ಆಮೇಲೆ ಅಡ್ಮಿನ್ ಕೆಲಸಕ್ಕೆ ಮಾತ್ರ ಬಳಸುವ ಒಂದು ಹೊಸ ಲ್ಯಾಪ್‌ಟಾಪ್. ನಂತರ ಡೊಮೇನ್ ಕಂಟ್ರೋಲರ್, ಜೊತೆಗೆ ಡಿಎನ್‌ಎಸ್ ಮತ್ತು ಸಮಯ. ಸಮಯ ಯಾಕೆಂದರೆ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಹಿಂದೆ ಮುಂದೆ ಆದರೆ ಡೊಮೇನ್ ಲಾಗಿನ್ ಆಗುವುದೇ ಇಲ್ಲ. ಹಳೆ ಪ್ರತಿ ಹಾಕಿದ ಯಂತ್ರದಲ್ಲಿ ಇದು ಸುಲಭವಾಗಿ ಆಗುತ್ತದೆ, ಜನ ಅರ್ಧ ದಿನ ಪಾಸ್‌ವರ್ಡ್ ಹುಡುಕುತ್ತಾ ಕೂರುತ್ತಾರೆ. ಅದಾದ ಮೇಲೆ ಹೊಸ ಬ್ಯಾಕಪ್ ವ್ಯವಸ್ಥೆ. ಇದನ್ನು ಕೊನೆಗೆ ಇಡಬೇಡಿ. ಮತ್ತೆ ಏನಾದರೂ ಎಡವಟ್ಟಾದರೆ ಶುದ್ಧವಾಗಿ ಕಟ್ಟಿದ ಡಿಸಿಯಾದರೂ ಕೈಯಲ್ಲಿ ಇರಬೇಕು. ಆಮೇಲೆ ಟ್ಯಾಲಿ, ಫೈಲ್ ಸರ್ವರ್, ನಂತರ ಜನರ ಕಂಪ್ಯೂಟರ್, ವೇಬ್ರಿಡ್ಜ್. ಹೊರಗಿನಿಂದ ಬರುವ ವಿಪಿಎನ್ ಎಲ್ಲದರ ಕೊನೆಗೆ.

ಫೈರ್‌ವಾಲಿನ ಹಳೆ ಕಾನ್ಫಿಗರೇಶನ್ ಫೈಲನ್ನು ವಾಪಸ್ ಹಾಕಬೇಡಿ. ಹೊಸ ಫರ್ಮ್‌ವೇರ್ ಹಾಕಿ, ನಿಯಮಗಳನ್ನು ಕೈಯಾರೆ ಒಂದೊಂದಾಗಿ ಬರೆಯಿರಿ. ಹಳೆ ಫೈಲಿನಲ್ಲಿ ಆ ವಿಪಿಎನ್ ಅಕೌಂಟೂ ಕೂತಿರುತ್ತದೆ.

ಡೊಮೇನ್ ಕಂಟ್ರೋಲರನ್ನು ಶುದ್ಧ ಮಾಡುವುದು ಹೇಗೆ? ಯೂಸರ್‌ಗಳೆಲ್ಲ ಅದರಲ್ಲೇ ಇದ್ದಾರೆ.

ಇದು ಇಡೀ ಕೆಲಸದ ನಡುಮನೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೇ 25ರ ಪ್ರತಿಯಿಂದ ಒಂದೇ ಒಂದು ಡಿಸಿಯನ್ನು ಎಬ್ಬಿಸಿ. ಎರಡನ್ನೂ ಅಲ್ಲ. ಅದು ಹೊಸ ಹೋಸ್ಟ್ ಯಂತ್ರದಲ್ಲಿ, ಹೊರಗೆ ಎಲ್ಲಿಗೂ ಸೇರದ ವರ್ಚುವಲ್ ಸ್ವಿಚ್ಚಿನಲ್ಲಿ ಇರಲಿ. ಇನ್ನೊಂದು ಡಿಸಿಯ ಕೈಯಲ್ಲಿದ್ದ ರೋಲ್‌ಗಳನ್ನು ಇದಕ್ಕೆ ಎಳೆದುಕೊಳ್ಳಿ, ಇನ್ನೊಂದರ ಹೆಸರನ್ನು ಡೈರೆಕ್ಟರಿಯಿಂದ ಅಳಿಸಿ. ಬ್ಯಾಕಪ್ 180 ದಿನಕ್ಕಿಂತ ಹಳೆಯದಾದರೆ ಸಾಮಾನ್ಯವಾಗಿ ಅದು ಉಪಯೋಗಕ್ಕೆ ಬರುವುದಿಲ್ಲ ಎನ್ನುವುದೂ ನೆನಪಿರಲಿ.

ಈಗ ಒಳಗೆ ಯಾರಿದ್ದಾರೆ ನೋಡಿ:

```
Get-ADGroupMember "Domain Admins" -Recursive
Get-ADUser -Filter * -Properties whenCreated |
  Sort-Object whenCreated -Descending |
  Select-Object -First 20 Name, whenCreated
```

ಜೂನ್ 8ರ ಪ್ರತಿಯಲ್ಲಿ ಈ ಪಟ್ಟಿಯ ಮೇಲ್ಗಡೆಯೇ svc_backup2 ಅಂತ ಒಂದು ಹೆಸರು ಇತ್ತು. ಬ್ಯಾಕಪ್ ಸಾಫ್ಟ್‌ವೇರಿನದ್ದು ಅಂತ ಯಾರೂ ಅನುಮಾನ ಪಡದ ಹೆಸರು. ಮೇ 25ರದ್ದರಲ್ಲಿ ಅದು ಇರಲಿಲ್ಲ. ಅದು ನಮಗೆ ಧೈರ್ಯ ಕೊಟ್ಟಿತು. ಆದರೂ ಗ್ರೂಪ್ ಪಾಲಿಸಿಗಳನ್ನು ಒಂದೊಂದಾಗಿ ತೆರೆದೆವು. SYSVOL ಫೋಲ್ಡರಿನಲ್ಲಿರುವ ಪ್ರತಿ ಸ್ಕ್ರಿಪ್ಟ್ ಯಾಕಿದೆ ಅಂತ ಒಬ್ಬರಾದರೂ ಹೇಳಬೇಕು. ಯಾರಿಗೂ ಗೊತ್ತಿಲ್ಲದ್ದನ್ನು ತೆಗೆದೆವು.

ಆಮೇಲೆ krbtgt. ಡೊಮೇನಿನ ಎಲ್ಲ ಲಾಗಿನ್ ಟಿಕೆಟ್‌ಗಳಿಗೆ ಮುದ್ರೆ ಒತ್ತುವ ಅಕೌಂಟ್ ಇದು. ಇದರ ಗುಟ್ಟು ಕಳ್ಳನ ಕೈಗೆ ಸಿಕ್ಕಿದ್ದರೆ, ಉಳಿದ ಎಲ್ಲ ಪಾಸ್‌ವರ್ಡ್ ಬದಲಿಸಿದರೂ ಅವನು ತಾನೇ ಟಿಕೆಟ್ ಅಚ್ಚು ಹಾಕಿಕೊಂಡು ಬರುತ್ತಾನೆ. ಡೊಮೇನ್ ಇದರ ಈಗಿನ ಪಾಸ್‌ವರ್ಡ್ ಜೊತೆ ಹಿಂದಿನದ್ದನ್ನೂ ಒಪ್ಪುತ್ತದೆ. ಹಾಗಾಗಿ ಎರಡು ಸಲ ಬದಲಿಸಬೇಕು. ಎಲ್ಲರೂ ಕೆಲಸ ಮಾಡುತ್ತಿರುವ ಡೊಮೇನಿನಲ್ಲಾದರೆ ಎರಡರ ನಡುವೆ ಕನಿಷ್ಠ 10 ಗಂಟೆ ಬಿಡಬೇಕು, ಇಲ್ಲದಿದ್ದರೆ ಎಲ್ಲರ ಲಾಗಿನ್ ಒಮ್ಮೆಗೇ ಕಡಿದು ಹೋಗುತ್ತದೆ. ಒಬ್ಬರೂ ಸೇರದ ಒಂಟಿ ಡಿಸಿಯಲ್ಲಿ ಆ ಕಾಯುವಿಕೆ ಬೇಡ. ಡಿಸಿಯನ್ನು ಮೊದಲು ಮಾಡುವುದರ ಇನ್ನೊಂದು ಲಾಭ ಇದು. ಆಗಿದೆಯೋ ಇಲ್ಲವೋ ಅಂತ ನೋಡಲು:

```
Get-ADUser krbtgt -Properties PasswordLastSet
```

ದಿನಾಂಕ ಇವತ್ತಿನದ್ದು ಇರಬೇಕು. ಆ ಕಾರ್ಖಾನೆಯಲ್ಲಿ ಮೊದಲು ಕಂಡದ್ದು ಡೊಮೇನ್ ಶುರು ಮಾಡಿದ ದಿನದ ತಾರೀಕು. ಯಾರೂ ಒಮ್ಮೆಯೂ ಮುಟ್ಟಿರಲಿಲ್ಲ. ನಂತರ ಎಲ್ಲ ಅಡ್ಮಿನ್, ಸರ್ವಿಸ್, ಯೂಸರ್ ಪಾಸ್‌ವರ್ಡ್‌ಗಳೂ ಹೊಸದು.

ಕೊನೆಯ ಹೆಜ್ಜೆಯನ್ನು ಹಲವರು ಬಿಟ್ಟುಬಿಡುತ್ತಾರೆ. ಈ ಎಬ್ಬಿಸಿದ ಡಿಸಿಯನ್ನೇ ಇಟ್ಟುಕೊಳ್ಳಬೇಡಿ. ಅದರ ವಿಂಡೋಸ್ ಹಳೆಯದ್ದೇ ಅಲ್ವಾ? ಹೊಸ ಐಎಸ್‌ಒದಿಂದ ಇನ್ನೊಂದು ಸರ್ವರ್ ಹಾಕಿ, ಅದನ್ನು ಡಿಸಿ ಮಾಡಿ, ಯೂಸರ್‌ಗಳ ಪಟ್ಟಿ ಅದಕ್ಕೆ ಹರಿದು ಬಂದ ಮೇಲೆ ರೋಲ್‌ಗಳನ್ನು ದಾಟಿಸಿ, ಹಳೆಯದ್ದನ್ನು ಡಿಸಿ ಸ್ಥಾನದಿಂದ ಇಳಿಸಿ ಆಫ್ ಮಾಡಿ. ಹೀಗೆ ಮಾಡಿದರೆ ಹೆಸರುಗಳು ಹಳೆಯವು ಉಳಿಯುತ್ತವೆ, ಯಂತ್ರ ಪೂರ್ತಿ ಹೊಸದಾಗುತ್ತದೆ. ಎರಡನೇ ಡಿಸಿಯನ್ನೂ ಹೀಗೆಯೇ ಹೊಸದಾಗಿ ಕಟ್ಟಿ.

ಡಿಸಿಯ ಒಂದೂ ಒಳ್ಳೆ ಪ್ರತಿ ಇಲ್ಲದಿದ್ದರೆ?

ಡೊಮೇನನ್ನೇ ಹೊಸದಾಗಿ ಕಟ್ಟಬೇಕು. 40 ಜನರ ಜಾಗದಲ್ಲಿ ಅದು ಎರಡು ಮೂರು ದಿನದ ಹೆಚ್ಚಿನ ಕೆಲಸ, ಆಗದ್ದೇನಲ್ಲ. ದೊಡ್ಡ ಕಂಪನಿಗೆ ಅದೇ ದುಃಸ್ವಪ್ನ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯ ಬಡಿದಾಗ ಹಡಗು ಕಂಪನಿ ಮರ್ಸ್ಕ್‌ನ ಡೊಮೇನ್ ಕಂಟ್ರೋಲರ್‌ಗಳು ಪ್ರಪಂಚದಾದ್ಯಂತ ಒಟ್ಟಿಗೆ ಅಳಿದು ಹೋದವು. ಉಳಿದದ್ದು ಘಾನಾದಲ್ಲಿದ್ದ ಒಂದು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ ಅದು ನೆಟ್‌ವರ್ಕಿನಲ್ಲಿ ಇರಲಿಲ್ಲ. ಇಡೀ ಕಂಪನಿಯನ್ನು ಆ ಒಂದು ಪ್ರತಿಯಿಂದ ಎಬ್ಬಿಸಿದರು. 4,000 ಸರ್ವರ್, 45,000 ಕಂಪ್ಯೂಟರ್‌ಗಳಿಗೆ ಹತ್ತು ದಿನದಲ್ಲಿ ಮತ್ತೆ ಎಲ್ಲವನ್ನೂ ಹಾಕಿದೆವು ಅಂತ ಅದರ ಅಧ್ಯಕ್ಷರೇ 2018ರಲ್ಲಿ ದಾವೋಸಿನಲ್ಲಿ ಹೇಳಿದರು.

ಆಂಟಿವೈರಸ್‌ನಲ್ಲಿ ಸ್ಕ್ಯಾನ್ ಮಾಡಿ ಕ್ಲೀನ್ ಬಂದರೆ ಹಳೆ ವಿಂಡೋಸನ್ನೇ ಬಳಸಬಹುದಾ?

ಬೇಡ. ಆಂಟಿವೈರಸ್ ವೈರಸನ್ನು ಹುಡುಕುತ್ತದೆ. ಕಳ್ಳ ಬಿಟ್ಟು ಹೋಗುವುದು ಹೆಚ್ಚಾಗಿ ಒಂದು ಯೂಸರ್, ಒಂದು ಶೆಡ್ಯೂಲ್ಡ್ ಟಾಸ್ಕ್, ಒಂದು ರಿಮೋಟ್ ಸಾಫ್ಟ್‌ವೇರ್. ಇವು ಯಾವುದೂ ವೈರಸ್ ಅಲ್ಲ, ಸ್ಕ್ಯಾನ್‌ನಲ್ಲಿ ಹಸಿರು ಬಣ್ಣವೇ ಬರುತ್ತದೆ. ಎಲ್ಲ ಪಾರ್ಟಿಶನ್ ಅಳಿಸಿ, ಬೇರೆ ನೆಟ್‌ವರ್ಕಿನಲ್ಲಿ ಇಳಿಸಿಕೊಂಡ ಐಎಸ್‌ಒದಿಂದ ಹೊಸದಾಗಿ ಹಾಕಿ. ವರ್ಚುವಲ್ ಯಂತ್ರಗಳಿದ್ದರೆ ಅವುಗಳ ಕೆಳಗಿನ ಹೋಸ್ಟನ್ನೂ ಸೇರಿಸಿ.

ಯಾವುದು ಡೇಟಾ, ಯಾವುದು ಪ್ರೋಗ್ರಾಂ?

ಹಳೆಯದರಿಂದ ಹೊಸದಕ್ಕೆ ದಾಟಬೇಕಾದದ್ದು ಡೇಟಾ ಮಾತ್ರ. ಟ್ಯಾಲಿಯಲ್ಲಿ 10000 ಎನ್ನುವ ಹಾಗೆ ಬರೀ ಅಂಕೆಯ ಹೆಸರಿರುವ ಕಂಪನಿ ಫೋಲ್ಡರ್ ಡೇಟಾ. ಆದರೆ ಅದರ ಜೊತೆ ಇರುವ `.tcp` ಫೈಲ್‌ಗಳು, ಅಂದರೆ ಬಿಲ್ ನಮೂನೆಗೆ ಅಂತ ಬರೆಸಿಕೊಂಡ ಸಣ್ಣ ಪ್ರೋಗ್ರಾಂಗಳು, ಡೇಟಾ ಅಲ್ಲ. ಅವನ್ನು ಬರೆದುಕೊಟ್ಟವರಿಂದ ಮತ್ತೆ ತರಿಸಿ. ಫೈಲ್ ಸರ್ವರಿನಿಂದ ಪಿಡಿಎಫ್, ಚಿತ್ರ, ಸಾಮಾನ್ಯ ಎಕ್ಸೆಲ್ ದಾಟಲಿ. `.exe`, `.bat`, ಮ್ಯಾಕ್ರೋ ಇರುವ `.xlsm` ನಿಲ್ಲಲಿ. ನಿಜವಾಗಿ ಬೇಕಾದ ಮ್ಯಾಕ್ರೋ ಫೈಲ್ ಇದ್ದರೆ ಯಾರಾದರೂ ಹೆಸರು ಹಿಡಿದು ಕೇಳುತ್ತಾರೆ, ಆಗ ತೆರೆದು ನೋಡಿ ಕೊಡಿ.

ಡೇಟಾ ಸರಿ ಇದೆಯಾ ಎನ್ನುವುದನ್ನು ನಾವು ಹೇಳಬಾರದು, ಅದನ್ನು ಬಳಸುವವರು ಹೇಳಬೇಕು. ಅಕ್ಕನ ಹತ್ತಿರ ಮೇ 31ರ ಟ್ರಯಲ್ ಬ್ಯಾಲೆನ್ಸ್ ಪ್ರಿಂಟ್ ಇತ್ತು. ಸ್ಕ್ರೀನಿನ ಮೇಲೆ ಸ್ಕೇಲ್ ಇಟ್ಟುಕೊಂಡು ಒಂದೊಂದೇ ಸಾಲು ಓದಿ ಪೆನ್ಸಿಲಿನಲ್ಲಿ ಟಿಕ್ ಹಾಕಿದರು. ಎರಡು ಗಂಟೆ ಹಿಡಿಯಿತು. ಆ ಟಿಕ್ ಬಿದ್ದ ಮೇಲೆಯೇ ಟ್ಯಾಲಿ ಸರ್ವರ್ ಮುಂದಿನ ಹಂತಕ್ಕೆ ಹೋಯಿತು.

ನೆಟ್‌ವರ್ಕಿಗೆ ಹಂತ ಹಂತವಾಗಿ ಸೇರಿಸುವುದು ಅಂದರೆ ಹೇಗೆ?

ಹಳೆ ನೆಟ್‌ವರ್ಕನ್ನು ಸರಿ ಮಾಡುವ ಯೋಚನೆ ಬಿಡಿ. ಹೊಸದು ಕಟ್ಟಿ, ಅದಕ್ಕೆ ಹೊಸ ವಿಳಾಸ ಕೊಡಿ. ಹಳೆಯದು 192.168.1 ಇದ್ದರೆ ಹೊಸದು 10.20 ಇರಲಿ. ಲಾಗ್‌ನಲ್ಲಿ 192.168.1 ಅಂತ ಕಂಡರೆ ಹಳೆ ಸಂಬಂಧ ಯಾವುದೋ ಉಳಿದಿದೆ ಅಂತ ಅರ್ಥ. ಸರ್ವರ್‌ಗಳು ಒಂದು ವಿಎಲ್ಯಾನ್, ಜನರ ಕಂಪ್ಯೂಟರ್ ಇನ್ನೊಂದು, ವೇಬ್ರಿಡ್ಜ್ ಮತ್ತು ಕ್ಯಾಮೆರಾ ಮೂರನೆಯದು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಫೈರ್‌ವಾಲ್ ದಾಟಬೇಕು. ಶುರುವಿಗೆ ಎಲ್ಲವೂ ಮುಚ್ಚಿರಲಿ, ಬೇಕಾದದ್ದನ್ನು ಮಾತ್ರ ತೆರೆಯಿರಿ. ಇಂಟರ್ನೆಟ್ಟೂ ಹಾಗೆಯೇ. ಮೊದಲು ವಿಂಡೋಸ್ ಅಪ್‌ಡೇಟ್, ಜಿಎಸ್‌ಟಿ, ಇ-ವೇ ಬಿಲ್, ಬ್ಯಾಂಕ್. ಇಷ್ಟೇ.

ನಾವು ಮೊದಲು ಸೇರಿಸಿದ್ದು ಅಕೌಂಟ್ಸಿನ ಮೂರು ಕಂಪ್ಯೂಟರ್. 48 ಗಂಟೆ ಬೇರೆ ಯಾವುದನ್ನೂ ಸೇರಿಸದೆ ಫೈರ್‌ವಾಲ್ ಲಾಗ್ ನೋಡುತ್ತಾ ಕೂತೆವು. ರಾತ್ರಿ ಯಾರೂ ಇಲ್ಲದಾಗ ಯಂತ್ರ ಯಾರನ್ನು ಕರೆಯುತ್ತದೆ ಎನ್ನುವುದೇ ಮುಖ್ಯ. ಅದಕ್ಕೇ ಕನಿಷ್ಠ ಎರಡು ರಾತ್ರಿ ಬೇಕು.

ಎರಡನೇ ದಿನ ಮಧ್ಯಾಹ್ನ ಮೂರೂವರೆಗೆ ಲಾಗ್‌ನಲ್ಲಿ ಕೆಂಪು ಸಾಲು ಶುರುವಾಯಿತು. ನಮ್ಮ ಪಟ್ಟಿಯಲ್ಲಿ ಇಲ್ಲದ 10.20.30.17 ಹಳೆ ಸರ್ವರಿನ ವಿಳಾಸದ 445ನೇ ಪೋರ್ಟಿಗೆ ಹೋಗಲು ನೋಡುತ್ತಿದೆ. ಜೊತೆಗೆ ಹೊರಗಿನ ಒಂದು ವಿಳಾಸಕ್ಕೆ ಸರಿಯಾಗಿ 60 ಸೆಕೆಂಡಿಗೊಮ್ಮೆ. ಮನುಷ್ಯರು ಅಷ್ಟು ಲೆಕ್ಕ ಹಿಡಿದು ಕ್ಲಿಕ್ ಮಾಡುವುದಿಲ್ಲ. ಸ್ವಿಚ್ಚಿನಲ್ಲಿ ಯಾವ ಪೋರ್ಟ್ ಅಂತ ಹುಡುಕಿ ಹೋದರೆ ಗೇಟಿನ ವೇಬ್ರಿಡ್ಜ್ ಕಂಪ್ಯೂಟರ್. ಮಳೆಯಲ್ಲಿ ಲಾರಿ ಸಾಲು ನಿಂತಿತ್ತು, ಪಾಪ, ಒಬ್ಬರು ಸಹಾಯ ಆಗಲಿ ಅಂತ ಖಾಲಿ ಇದ್ದ ಕೇಬಲ್ ಚುಚ್ಚಿದ್ದರು. ಎಲ್ಲ ಮುಚ್ಚಿಟ್ಟಿದ್ದರಿಂದ ಒಂದು ಸಾಲೂ ದಾಟಲಿಲ್ಲ. ತಪ್ಪು ನಮ್ಮದೇ: ಖಾಲಿ ಪೋರ್ಟ್‌ಗಳನ್ನು ಸ್ವಿಚ್ಚಿನಲ್ಲೇ ಬಂದ್ ಮಾಡಿರಬೇಕಿತ್ತು, ಹಳೆ ಯಂತ್ರದ ಕೇಬಲನ್ನೇ ತೆಗೆದು ಒಯ್ದಿರಬೇಕಿತ್ತು. ಆ ಸಂಜೆ ಎರಡನ್ನೂ ಮಾಡಿ, 48 ಗಂಟೆಯ ಲೆಕ್ಕವನ್ನು ಮತ್ತೆ ಸೊನ್ನೆಯಿಂದ ಶುರು ಮಾಡಿದೆವು. ಆಮೇಲೆ ದಿನಕ್ಕೆ ಹತ್ತರಂತೆ ಉಳಿದ ಕಂಪ್ಯೂಟರ್‌ಗಳು.

ನಮ್ಮದು ಸಹಕಾರಿ ಸಂಘ. ಹೊರಗಿನ ಸಂಸ್ಥೆಗಳ ಜೊತೆ ಮತ್ತೆ ಸೇರುವುದು ಯಾವಾಗ?

ಅದನ್ನು ನೀವೊಬ್ಬರೇ ತೀರ್ಮಾನ ಮಾಡಲು ಬರುವುದಿಲ್ಲ. 2024ರ ಜುಲೈ ಕೊನೆಗೆ ಸಿ-ಎಡ್ಜ್ ಎನ್ನುವ ಸೇವಾ ಕಂಪನಿಗೆ ರ್‍ಯಾನ್ಸಮ್‌ವೇರ್ ತಗಲಿದಾಗ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ಬೇರೆ ಮಾಡಿತು. ಅದನ್ನು ನಂಬಿದ್ದ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳ ಗ್ರಾಹಕರಿಗೆ ಯುಪಿಐ ನಿಂತಿತು. ಹೊರಗಿನವರಿಂದ ಸುರಕ್ಷತಾ ಪರಿಶೀಲನೆ ಆದ ಮೇಲೆಯೇ ಮತ್ತೆ ಸೇರಿಸಿದರು. ನಿಮ್ಮನ್ನೂ ಅದನ್ನೇ ಕೇಳುತ್ತಾರೆ. ಯಾವ ಯಂತ್ರ ಯಾವತ್ತು ಹೊಸದಾಗಿ ಹಾಕಿದ್ದು, ಯಾರು ನೋಡಿದರು, ಲಾಗ್ ಎಲ್ಲಿದೆ ಅಂತ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ದುಡ್ಡು ಕೊಟ್ಟು ಕೀಲಿ ತಂದರೆ ಇಷ್ಟೆಲ್ಲ ಬೇಡವಾ?

ಕೀಲಿ ಫೈಲ್ ತೆರೆಯುತ್ತದೆ, ಕಳ್ಳನನ್ನು ಹೊರಗೆ ಹಾಕುವುದಿಲ್ಲ. ಮೇಲೆ ಹೇಳಿದ ಒಂದು ಹೆಜ್ಜೆಯೂ ಕಡಿಮೆ ಆಗುವುದಿಲ್ಲ.

ಒಟ್ಟು ಎಷ್ಟು ದಿನ ಹಿಡಿಯಿತು?

ಗೊತ್ತಾದದ್ದು ಜೂನ್ 16, ಆದಿತ್ಯವಾರ ಬೆಳಿಗ್ಗೆ. ಡಿಸಿ ಸಿದ್ಧ ಆದದ್ದು 20ಕ್ಕೆ. ಮೂರು ಕಂಪ್ಯೂಟರಿನಲ್ಲಿ ಟ್ಯಾಲಿ 21ರ ಸಂಜೆಗೆ. ಎಲ್ಲ ಕಂಪ್ಯೂಟರ್‌ಗಳು 28ಕ್ಕೆ. ವೇಬ್ರಿಡ್ಜಿಗೆ ಹೊಸ ಕಂಪ್ಯೂಟರ್ ಮರುದಿನ ಬಂತು, ಅದಕ್ಕೆ ಸರ್ವರಿನ ಒಂದೇ ಪೋರ್ಟ್ ತೆರೆದಿದೆ. ವಿಪಿಎನ್ ಜುಲೈ ಎರಡನೇ ವಾರ, ಇಬ್ಬರಿಗೆ ಮಾತ್ರ, ಫೋನಿಗೆ ಬರುವ ಎರಡನೇ ಒಪ್ಪಿಗೆಯ ಜೊತೆ. ಕ್ಯಾಮೆರಾ ಹಾಕಿದವರು ರಿಮೋಟ್ ಕೇಳಿದಾಗ ಆ ಒಂದು ಗಂಟೆಗೆ ಮಾತ್ರ ತೆರೆದು ಮುಚ್ಚುತ್ತೇವೆ.

ಲಾಕ್ ಆದ ಹಳೆ ಡಿಸ್ಕ್‌ಗಳನ್ನು ಬಿಸಾಡಬಹುದಾ?

ಸರ್ವರ್‌ಗಳ ಡಿಸ್ಕ್ ಮತ್ತು ಕಳ್ಳ ಮೊದಲು ಹೊಕ್ಕ ಕಂಪ್ಯೂಟರಿನ ಡಿಸ್ಕ್ ಇಟ್ಟುಕೊಳ್ಳಿ. ಪೊಲೀಸರಿಗೆ, ವಿಮೆಯವರಿಗೆ ಬೇಕಾಗುತ್ತದೆ. ಕೆಲವು ರ್‍ಯಾನ್ಸಮ್‌ವೇರ್‌ಗಳಿಗೆ ಸಮಯ ಕಳೆದ ಮೇಲೆ ಉಚಿತ ಕೀಲಿ ಹೊರಬರುವುದೂ ಉಂಟು. ಯುರೋಪೋಲ್ ಸೇರಿ 2016ರಲ್ಲಿ ಶುರು ಮಾಡಿದ ನೋ ಮೋರ್ ರ್‍ಯಾನ್ಸಮ್ ಜಾಲತಾಣದಲ್ಲಿ ಆಗಾಗ ನೋಡಿ. ಉಳಿದ ಕಂಪ್ಯೂಟರ್‌ಗಳ ಡಿಸ್ಕ್ ಪೂರ್ತಿ ಅಳಿಸಿ ಬಳಸಬಹುದು. ಇಡುವ ಡಿಸ್ಕಿನ ಮೇಲೆ ಯಂತ್ರದ ಹೆಸರು, ತೆಗೆದ ತಾರೀಕು ಬರೆದು ಅಂಟಿಸಿ. ನಮ್ಮ ಕರಾವಳಿಯ ಹವೆಗೆ ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿಡಿ.